ಮರದ ತೂಕ ಎಲ್ಲಿಂದ ಬಂತು? ಒಂಬತ್ತನೇ ತರಗತಿಗೆ ಒಂದು ಅನ್ವೇಷಣಾ ಪಾಠ

(ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಮಾತಾಡೋಣ. ತರಗತಿಗೆ ಹೋಗುವಾಗ ಒಂದು ಮರದ ಬೀಜ, ಅದೇ ಜಾತಿಯ ಮರದ ಒಣಗಿದ ಒಂದು ಕೊರಡು, ಇವೆರಡನ್ನು ಕೈಯಲ್ಲಿ ಹಿಡಿದು ಹೋಗಿ. ಎರಡೂ ಬೆಂಚಿನಿಂದ ಬೆಂಚಿಗೆ ದಾಟಲಿ, ಪ್ರತಿಯೊಬ್ಬರೂ ತೂಗಿ ನೋಡಲಿ. ಆಮೇಲೆ ಕೇಳಿ: "ಈ ಬೀಜವೇ ಬೆಳೆದು ಈ ಕೊರಡಾಯಿತು. ಇಷ್ಟು ತೂಕ ಎಲ್ಲಿಂದ ಬಂತು?" ಉತ್ತರವನ್ನು ಕೂಗಿ ಹೇಳಿಸಬೇಡಿ. ಚೀಟಿಯಲ್ಲಿ ಎರಡು ಸಾಲು ಬರೆಸಿ ತೆಗೆದುಕೊಳ್ಳಿ.

ಹೆಚ್ಚಿನ ಚೀಟಿಗಳಲ್ಲಿ ಇರುವುದು "ಮಣ್ಣಿನಿಂದ" ಎಂಬ ಉತ್ತರ. ಕೆಲವರು ನೀರನ್ನೂ ಸೇರಿಸುತ್ತಾರೆ. ಗಾಳಿ ಎಂದು ಬರೆಯುವವರು ಬಹಳ ಕಡಿಮೆ. ಗಮನಿಸಬೇಕಾದದ್ದು ಏನೆಂದರೆ, ಹೀಗೆ ಬರೆದ ಅದೇ ಮಕ್ಕಳು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯಬಲ್ಲರು. ಸಮೀಕರಣ ಒಂದು ಪೆಟ್ಟಿಗೆಯಲ್ಲಿ, ಮರ ಇನ್ನೊಂದು ಪೆಟ್ಟಿಗೆಯಲ್ಲಿ. ಅವೆರಡರ ನಡುವೆ ದಾರಿ ಇಲ್ಲ. ಹಾಗಾಗಿ ಸಮೀಕರಣವನ್ನು ಇನ್ನೊಮ್ಮೆ ಕಲಿಸಿದರೆ ಪ್ರಯೋಜನವಾಗದು.

ಮಣ್ಣು ಎಂದು ಬರೆದ ಮಗು ಸುಮ್ಮನೆ ಊಹಿಸಿ ಬರೆದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬೇರು ಮಣ್ಣಿನೊಳಗೆ ಇರುವುದನ್ನು ಅದು ಕಂಡಿದೆ. ಗೊಬ್ಬರ ಹಾಕಿದ ಗಿಡ ಸೊಂಪಾಗಿ ಬೆಳೆಯುವುದನ್ನೂ ಕಂಡಿದೆ. "ಗಿಡ ಮಣ್ಣಿನ ಸಾರ ಹೀರಿಕೊಂಡು ಬೆಳೆಯುತ್ತದೆ" ಎಂದು ದೊಡ್ಡವರೇ ಹೇಳುವುದನ್ನು ಕೇಳಿದೆ. ಇವೆಲ್ಲ ಕಂಡುಂಡ ಸಂಗತಿಗಳು. ಗಾಳಿಯ ವಿಷಯ ಹಾಗಲ್ಲ. ಅದು ಕಣ್ಣಿಗೆ ಕಾಣದು, ಕೈಗೆ ಸಿಗದು. ಮಕ್ಕಳ ಲೆಕ್ಕದಲ್ಲಿ ಅದಕ್ಕೆ ತೂಕವೇ ಇಲ್ಲ. ತೂಕವೇ ಇಲ್ಲದ ವಸ್ತುವಿನಿಂದ ಕೊರಡು ಆಯಿತು ಎಂದರೆ ಯಾರಾದರೂ ಯಾಕೆ ನಂಬಬೇಕು? ನಿಜವಾದ ತೊಡಕು ಇರುವುದು ಇಲ್ಲಿ. ಮಣ್ಣಿನ ನಂಬಿಕೆಯನ್ನು ನೇರವಾಗಿ ಎದುರಿಸುವುದಕ್ಕಿಂತ, ಅನಿಲಕ್ಕೆ ತೂಕವಿದೆ, ಅನಿಲ ಘನವಸ್ತುವಾಗಬಲ್ಲದು ಎಂಬ ಎರಡು ಸಂಗತಿಗಳನ್ನು ಕಣ್ಣಾರೆ ತೋರಿಸುವುದು ಮುಖ್ಯ. ಪಾಠದ ಕ್ರಮವನ್ನು ಇದರ ಸುತ್ತ ಕಟ್ಟಬೇಕು.

ಪಾಠಕ್ಕೆ ನಾಲ್ಕೈದು ಅವಧಿ ಸಾಕು. ಆದರೆ ಬೀಜದ ತಟ್ಟೆಗಳಿಗೆ ಎರಡು ವಾರ ಬೇಕಾಗುವುದರಿಂದ ಅವುಗಳನ್ನು ಮೊದಲ ದಿನವೇ ಇಟ್ಟುಬಿಡಬೇಕು. ಅವುಗಳ ವಿವರಕ್ಕೆ ಆಮೇಲೆ ಬರುತ್ತೇನೆ.

ಚೀಟಿ ಬರೆಸಿದ ಮರು ಅವಧಿಯಲ್ಲಿ "ಮಣ್ಣಿನಿಂದ ಬಂದಿದ್ದರೆ ಮಣ್ಣಿಗೆ ಏನಾಗಬೇಕು?" ಎಂದು ಕೇಳಿ. ಕಡಿಮೆಯಾಗಬೇಕು ಎಂದು ಮಕ್ಕಳೇ ಹೇಳುತ್ತಾರೆ. ಹಾಗಾದರೆ ತೂಗಿ ನೋಡೋಣ ಎಂಬ ಮಾತೂ ಅವರಿಂದಲೇ ಬರುತ್ತದೆ. ಆಗ ವಾನ್ ಹೆಲ್ಮಾಂಟನ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿರಿ. ಅವನ ಬರಹ ಪ್ರಕಟವಾದದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ದೊಡ್ಡ ಕುಂಡದಲ್ಲಿ ತುಂಬಿ, ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟ. ಧೂಳು ಬೀಳದಂತೆ ತೂತುಗಳಿರುವ ತಗಡಿನ ಮುಚ್ಚಳ ಹಾಕಿದ. ಐದು ವರ್ಷ ಮಳೆನೀರನ್ನೋ ಭಟ್ಟಿ ಇಳಿಸಿದ ನೀರನ್ನೋ ಮಾತ್ರ ಹಾಕಿದ. ಕೊನೆಗೆ ಮರ ತೂಗಿದ್ದು 169 ಪೌಂಡ್ 3 ಔನ್ಸ್. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಸುಮಾರು 2 ಔನ್ಸ್ ಮಾತ್ರ ಕಡಿಮೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಮರ ಗಳಿಸಿದ್ದು ಸುಮಾರು 74 ಕಿಲೋ, ಮಣ್ಣು ಕಳೆದುಕೊಂಡದ್ದು 60 ಗ್ರಾಂಗಿಂತ ತುಸು ಕಡಿಮೆ.

ಈ ಪ್ರಯೋಗವನ್ನು ಶಾಲೆಯಲ್ಲಿ ಮಾಡಿಸಲು ಹೋಗಬೇಡಿ. ಐದು ಕಿಲೋ ಮಣ್ಣಿನಲ್ಲಿ ಶೇಕಡಾ ಒಂದರಷ್ಟು ತೇವ ಹೆಚ್ಚು ಕಡಿಮೆಯಾದರೆ ಸಾಕು, 50 ಗ್ರಾಂ ಏರುಪೇರಾಗುತ್ತದೆ. ಪುಟ್ಟ ಗಿಡದ ಒಣತೂಕ ಅಷ್ಟೂ ಇರುವುದಿಲ್ಲ. ಬೇರಿಗೆ ಅಂಟಿದ ಮಣ್ಣು ಬೇರೆ. ಮಣ್ಣು ಕಡಿಮೆಯಾಗಿದೆ ಎಂಬ ತಪ್ಪು ಫಲಿತಾಂಶ ಬಂದುಬಿಟ್ಟರೆ ಹಳೆಯ ನಂಬಿಕೆಗೆ ನಾವೇ ಮುದ್ರೆ ಒತ್ತಿದಂತಾಗುತ್ತದೆ. ಹೆಲ್ಮಾಂಟನ ಆ ಎರಡು ಔನ್ಸ್ ಕೂಡ ತೂಗುವಿಕೆಯ ತಪ್ಪಿನೊಳಗೇ ಇರಬಹುದು. ಆದರೆ 164 ಪೌಂಡ್‌ಗೆ ಆ ಸಂದೇಹ ತಟ್ಟದು.

"ಹಾಗಾದರೆ ತೂಕ ಎಲ್ಲಿಂದ?" ಎಂದು ಈಗ ಕೇಳಿದರೆ ಇಡೀ ತರಗತಿ "ನೀರಿನಿಂದ" ಎನ್ನುತ್ತದೆ. ಹೆಲ್ಮಾಂಟನೂ ಅದನ್ನೇ ಹೇಳಿದ್ದ. ಇಲ್ಲಿ ತಡೆಯಬೇಡಿ. ನೀರು ಎಂಬ ಉತ್ತರ ಕೈಯಲ್ಲಿರುವ ಪುರಾವೆಗೆ ಸರಿಯಾಗಿ ಹೊಂದುತ್ತದೆ. ಅದನ್ನು ಶಿಕ್ಷಕರ ಮಾತು ಅಲ್ಲಗಳೆಯಬಾರದು, ತಟ್ಟೆಗಳು ಅಲ್ಲಗಳೆಯಬೇಕು.

ಈಗ ತಟ್ಟೆಗಳ ವಿಷಯ. ಮೂಲಂಗಿ ಬೀಜ ಒಳ್ಳೆಯದು. ಬೇಗ ಮೊಳೆಯುತ್ತದೆ, ಕಾಳಿನಷ್ಟು ದೊಡ್ಡ ದಾಸ್ತಾನು ಅದರೊಳಗೆ ಇರುವುದಿಲ್ಲ. ಒಂದೇ ಅಳತೆಯ ನಾಲ್ಕು ಅಗಲವಾದ ಗಾಜಿನ ತಟ್ಟೆ ತೆಗೆದುಕೊಂಡು, ಪ್ರತಿಯೊಂದರಲ್ಲೂ ಎರಡು ಪದರ ಶೋಧಕ ಕಾಗದ ಹಾಸಿ, ಒಣಗಿಸಿ, ಕಾಗದದ ಸಮೇತ ತೂಗಿ ಬರೆದಿಡಿ. ಬೇರು ಕಾಗದಕ್ಕೆ ಹೆಣೆದುಕೊಳ್ಳುತ್ತದೆ, ಕೊನೆಗೆ ಬಿಡಿಸಲು ಆಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಟ್ಟಿಗೇ ತೂಗಿ, ತಟ್ಟೆ ಮತ್ತು ಕಾಗದದ ತೂಕವನ್ನು ಕಳೆಯುವುದೇ ಸರಿ. ಮೂರು ತಟ್ಟೆಗಳಿಗೆ ತಲಾ 2.00 ಗ್ರಾಂ ಬೀಜ ಹರಡಿ. ಮೊದಲನೆಯದಕ್ಕೆ ನೀರೂ ಬೆಳಕೂ ಇರಲಿ. ಎರಡನೆಯದಕ್ಕೆ ನೀರು ಕೊಟ್ಟು ಕತ್ತಲೆಯಲ್ಲಿಡಿ. ಮೂರನೆಯದು ಬೆಳಕಿನಲ್ಲಿರಲಿ, ನೀರು ಬೇಡ. ನಾಲ್ಕನೆಯದರಲ್ಲಿ ಬೀಜವಿಲ್ಲ, ಕಾಗದ ಮತ್ತು ನೀರು ಅಷ್ಟೇ. ಎಲ್ಲೂ ಮಣ್ಣಿಲ್ಲ. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದೇ ಆಗಬೇಕು.

ನೀರಿಲ್ಲದ ಮೂರನೇ ತಟ್ಟೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಅಂಗಡಿಯ ಒಣ ಬೀಜದಲ್ಲೂ ಶೇಕಡಾ ಏಳೆಂಟರಷ್ಟು ನೀರು ಇರುತ್ತದೆ. ಆರಂಭದ 2.00 ಗ್ರಾಂ ಎಂಬುದು ನೀರು ಸೇರಿದ ತೂಕ, ಕೊನೆಯಲ್ಲಿ ನಾವು ತೂಗುವುದು ನೀರು ಹೋದ ತೂಕ. ಇವೆರಡನ್ನು ನೇರವಾಗಿ ಹೋಲಿಸಿದರೆ ಗಿಡ ಏನೂ ಮಾಡದಿದ್ದರೂ ತೂಕ ಇಳಿದಂತೆ ಕಾಣುತ್ತದೆ. ಮೂರನೇ ತಟ್ಟೆಯ ಬೀಜಗಳನ್ನು ಕೊನೆಗೆ ಉಳಿದವುಗಳ ಜೊತೆಯಲ್ಲೇ ಒಣಗಿಸಿದರೆ ಆರಂಭದ ಒಣತೂಕ ಎಷ್ಟಿತ್ತು ಎಂಬುದು ಸಿಗುತ್ತದೆ. ನಾಲ್ಕನೇ ತಟ್ಟೆ ನೀರಿನಲ್ಲಿ ಕರಗಿದ ಲವಣದ ಲೆಕ್ಕಕ್ಕೆ. ಲೀಟರಿಗೆ 300 ಮಿಲಿಗ್ರಾಂ ಲವಣವಿರುವ ನಲ್ಲಿ ನೀರನ್ನು ಎರಡು ವಾರದಲ್ಲಿ 200 ಮಿಲಿಲೀಟರ್ ಹಾಕಿದರೆ 0.06 ಗ್ರಾಂ ಲವಣ ತಟ್ಟೆಯಲ್ಲೇ ಉಳಿಯುತ್ತದೆ. ಭಟ್ಟಿ ಇಳಿಸಿದ ನೀರು ಸಿಕ್ಕರೆ ಈ ತಲೆನೋವಿಲ್ಲ. ಸಿಗದಿದ್ದರೆ ಪ್ರತಿ ತಟ್ಟೆಗೆ ಹಾಕಿದ ನೀರನ್ನು ಸಿರಿಂಜಿನಲ್ಲಿ ಅಳೆದು ಬರೆದಿಡಿ.

ಬೆಳಕಿನ ತಟ್ಟೆಯನ್ನು ಕೋಣೆಯ ಕಿಟಕಿಯ ಬಳಿ ಇಡುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಕಣ್ಣಿಗೆ ಅಲ್ಲಿ ಬೆಳಕು ಧಾರಾಳ. ಆದರೆ ಗಿಡ ಅಲ್ಲಿ ಗಳಿಸುವುದು ಉಸಿರಾಟದಲ್ಲಿ ಕಳೆದುಕೊಳ್ಳುವುದಕ್ಕೆ ಸಾಕಾಗದೆ, ಬೆಳಕಿನ ತಟ್ಟೆಯೂ ತೂಕ ಕಳೆದುಕೊಂಡು ಪಾಠವೇ ದಾರಿ ತಪ್ಪಬಹುದು. ತಟ್ಟೆ ಹೊರಗಿನ ಬೆಳಕಿನಲ್ಲಿರಬೇಕು, ನಡು ಮಧ್ಯಾಹ್ನ ಮಾತ್ರ ತುಸು ನೆರಳು ಸಾಕು. ಒಂದು ವಾರಕ್ಕೇ ನಿಲ್ಲಿಸುವುದೂ ಹೀಗೆಯೇ ಕೆಡಿಸುತ್ತದೆ. ಮೊದಲ ಕೆಲವು ದಿನ ಬೆಳಕಿನ ಸಸಿಯೂ ಬೀಜದ ದಾಸ್ತಾನನ್ನೇ ಖರ್ಚು ಮಾಡುತ್ತದೆ, ಬೀಜದಳ ಹಸಿರಾಗಿ ಅಗಲವಾದ ಮೇಲೆಯೇ ಗಳಿಕೆ ಶುರು. ಹದಿನಾಲ್ಕು ದಿನವಾದರೂ ಬಿಡಿ. ಕತ್ತಲೆಯ ತಟ್ಟೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಕಾಗದ ತೇವವಾಗಿದ್ದರೆ ಸಾಕು, ನೀರು ನಿಲ್ಲಬಾರದು. ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೆಗೆದರೆ ತೂಕವೂ ಹೋಗುತ್ತದೆ. ಹೆಚ್ಚು ಹಿಡಿದಿದ್ದರೆ ಆ ತಟ್ಟೆಯನ್ನು ಬಿಟ್ಟು ಹೊಸದು ಇಡುವುದೇ ವಾಸಿ.

ತೂಗುವ ಮುನ್ನ ಒಂದು ಅವಧಿಯನ್ನು ಊಹೆಗೆ ಕೊಡಿ. ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಣಗಿಸಿದ ಮೇಲೆ ಯಾವುದು ಹೆಚ್ಚು ತೂಗುತ್ತದೆ ಎಂದು ಕ್ರಮವಾಗಿ ಬರೆಸಿ. ಕತ್ತಲೆಯ ಸಸಿಗಳು ಬೆಳಕಿನವುಗಳಿಗಿಂತ ಎತ್ತರವಾಗಿ, ಬಿಳಿಚಿಕೊಂಡು, ಒಂದರ ಮೇಲೊಂದು ಬಾಗಿ ನಿಂತಿರುತ್ತವೆ. ಅವು ಒಣ ಬೀಜಕ್ಕಿಂತಲಾದರೂ ಹೆಚ್ಚು ತೂಗಲೇಬೇಕು ಎಂಬುದು ಮಕ್ಕಳ ಗಟ್ಟಿ ನಂಬಿಕೆ, ಅಷ್ಟುದ್ದ ಬೆಳೆದಿವೆಯಲ್ಲ! ಹಾಗೆಯೇ ಬರೆಯಲಿ, ಕಾರಣವನ್ನೂ ಬರೆಯಲಿ.

ಆಮೇಲೆ 80 ಡಿಗ್ರಿ ಸೆಲ್ಸಿಯಸ್‌ನ ಒಣಗಿಸುವ ಒಲೆಯಲ್ಲಿ ನಾಲ್ಕೂ ತಟ್ಟೆಗಳನ್ನು ರಾತ್ರಿಯಿಡೀ ಇಡಿ. ತೂಗಿ, ಎರಡು ಗಂಟೆ ಮತ್ತೆ ಒಣಗಿಸಿ, ಮತ್ತೆ ತೂಗಿ. ಎರಡು ತೂಕಗಳೂ ಒಂದೇ ಆಗುವವರೆಗೆ ಹೀಗೆ ಮಾಡಬೇಕು. ಹೊರಗೆ ತೆಗೆದ ತಟ್ಟೆಯನ್ನು ಮುಚ್ಚಿ ತಣಿಸಿ. ಒಣಗಿದ ಸಸಿ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಬರೀ ಬಿಸಿಲಲ್ಲಿ ಒಣಗಿಸಿದರೆ 2 ಗ್ರಾಂನಲ್ಲಿ 0.1–0.2 ಗ್ರಾಂ ತೇವ ಉಳಿದುಬಿಡಬಹುದು, ನಾವು ಹುಡುಕುತ್ತಿರುವ ವ್ಯತ್ಯಾಸವೂ ಹೆಚ್ಚು ಕಡಿಮೆ ಅಷ್ಟೇ.

ಫಲಿತಾಂಶವನ್ನು ಓದುವ ಬಗೆಯನ್ನು ತೋರಿಸಲು ಒಂದು ಮಾದರಿ ಲೆಕ್ಕ ತೆಗೆದುಕೊಳ್ಳೋಣ. ಒಣ ಬೀಜದ ತಟ್ಟೆ 1.86 ಗ್ರಾಂ, ಕತ್ತಲೆಯ ತಟ್ಟೆ 1.50, ಬೆಳಕಿನ ತಟ್ಟೆ ಲವಣ ಕಳೆದು 2.10 ಎಂದಿಟ್ಟುಕೊಳ್ಳಿ. ನಿಮ್ಮ ಅಂಕಿಗಳು ಬೇರೆ ಬರುತ್ತವೆ, ಆದರೆ ಮೂರರ ಕ್ರಮ ಇದೇ ಆಗಿರಬೇಕು. ಮಣ್ಣು ಎಲ್ಲೂ ಇರಲಿಲ್ಲ, ಆದರೂ ಬೆಳಕಿನ ತಟ್ಟೆ 0.24 ಗ್ರಾಂ ಗಳಿಸಿದೆ. ನೀರೇ ತೂಕವಾಗಿದ್ದರೆ ಕತ್ತಲೆಯ ತಟ್ಟೆಯೂ ಗಳಿಸಬೇಕಿತ್ತು, ಅದಕ್ಕೂ ನೀರು ಸಿಕ್ಕಿತ್ತು. ಅದು ಗಳಿಸುವ ಬದಲು 0.36 ಗ್ರಾಂ ಕಳೆದುಕೊಂಡಿದೆ. ಹೆಲ್ಮಾಂಟನ ಉತ್ತರ ಇಲ್ಲಿ ಬಿದ್ದುಹೋಗುತ್ತದೆ.

ಕತ್ತಲೆಯ ತಟ್ಟೆಯ ಮೇಲೆ ಸಾಕಷ್ಟು ಹೊತ್ತು ನಿಲ್ಲಿ. ಇಡೀ ಪಾಠದಲ್ಲಿ ಹೆಚ್ಚು ಕೆಲಸ ಮಾಡುವುದು ಅದೇ. ಅಷ್ಟು ಉದ್ದ ಬೆಳೆದ ಸಸಿ ಬೀಜಕ್ಕಿಂತ ಹಗುರ! ಉದ್ದವಾಗಿಸಿದ್ದು ನೀರು, ಒಣಗಿಸಿದಾಗ ಅದು ಹೋಯಿತು. ಆದರೆ ಬೀಜದಲ್ಲೇ ಇದ್ದ 0.36 ಗ್ರಾಂ ಘನವಸ್ತು ಎಲ್ಲಿಗೆ ಹೋಯಿತು? ತಟ್ಟೆಯಿಂದ ಏನೂ ಚೆಲ್ಲಿಲ್ಲ. ಮೊಳೆತ ಬೀಜಗಳ ಜೊತೆ ಸುಣ್ಣದ ತಿಳಿನೀರಿರುವ ಪುಟ್ಟ ಬಟ್ಟಲನ್ನು ಮುಚ್ಚಿದ ಜಾಡಿಯಲ್ಲಿಟ್ಟರೆ ಮರುದಿನ ತಿಳಿನೀರು ಹಾಲಿನಂತಾಗಿರುತ್ತದೆ. ಉಸಿರಾಟದಲ್ಲಿ ಘನವಸ್ತು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತಿದೆ. ಘನವಸ್ತು ಗಾಳಿಯಾಗಿ ಹೋಗಬಲ್ಲದು ಎಂದಾದರೆ, ಗಾಳಿಯಿಂದ ಘನವಸ್ತು ಬರಬಾರದೇಕೆ ಎಂಬ ಪ್ರಶ್ನೆಯನ್ನು ಯಾರಾದರೊಬ್ಬರು ತಾವಾಗಿ ಕೇಳುವಷ್ಟು ಸಮಯ ಕೊಡಿ.

ತಟ್ಟೆಗಳು ಬೆಳೆಯುತ್ತಿರುವ ಎರಡು ವಾರದ ನಡುವೆ ಅನಿಲದ ತೂಕದ ಅವಧಿಯನ್ನು ಮುಗಿಸಿರಬೇಕು. ಎತ್ತರವಾದ ಬೀಕರಿನಲ್ಲಿ 150 ಮಿಲಿಲೀಟರ್ ವಿನೆಗರ್, ಪಕ್ಕದಲ್ಲಿ ಕಾಗದದ ಮೇಲೆ 8.4 ಗ್ರಾಂ ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡು, ಸೋಡಾವನ್ನು ಚೂರುಚೂರಾಗಿ ಬೀಕರಿಗೆ ಸುರಿದು ಕಾಗದವನ್ನು ಮತ್ತೆ ತಕ್ಕಡಿಗೇ ಇಡಿ. ನೊರೆ ಏಳುತ್ತಾ ಅಂಕಿ ಇಳಿಯುವುದನ್ನು ಎಲ್ಲರೂ ನೋಡಲಿ. 8.4 ಗ್ರಾಂ ಸೋಡಾದಿಂದ 4.4 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ತಕ್ಕಡಿ ತೋರಿಸುವ ಇಳಿಕೆ ಸುಮಾರು 4 ಗ್ರಾಂ. ಒಂದಿಷ್ಟು ಅನಿಲ ದ್ರವದಲ್ಲಿ ಕರಗಿ ಉಳಿಯುತ್ತದೆ, ಒಂದಿಷ್ಟು ಬೀಕರಿನಲ್ಲೇ ತುಂಬಿರುತ್ತದೆ. ಇಳಿಕೆ 4.4ಕ್ಕಿಂತ ಹೆಚ್ಚು ಬಂದರೆ ಹನಿ ಸಿಡಿದು ಹೊರಗೆ ಹೋಗಿದೆ ಎಂದು ತಿಳಿಯಿರಿ. ಸೋಡಾವನ್ನು ಒಮ್ಮೆಗೇ ಸುರಿದಾಗ ಹಾಗಾಗುತ್ತದೆ.

ಅದೇ ದಿನ ಇನ್ನೊಂದನ್ನೂ ತೋರಿಸಿ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಮೆಲ್ಲಗೆ ಊದಿಸಿ (ಹೀರಬಾರದೆಂದು ಎರಡು ಸಲ ಹೇಳಿ, ಕಣ್ಣಿಗೆ ಕನ್ನಡಕ ಇರಲಿ). ಬೆಳ್ಳಗಾದೊಡನೆ ನಿಲ್ಲಿಸಿ, ಶೋಧಕ ಕಾಗದದಲ್ಲಿ ಸೋಸಿ ಒಣಗಿಸಿ. ಕಾಗದದ ಮೇಲೆ ಉಳಿಯುವ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿರುವ ಇಂಗಾಲ ಈಗ ತಾನೇ ಉಸಿರಿನ ಗಾಳಿಯಲ್ಲಿತ್ತು. ಈ ಪುಡಿಯನ್ನು ಬೆರಳಿಂದ ಮುಟ್ಟಿ ನೋಡಿದ ಮಗುವಿಗೆ ಅನಿಲ ಘನವಾಗುತ್ತದೆ ಎಂಬುದು ಬರೀ ಬಾಯಿಮಾತಾಗಿ ಉಳಿಯುವುದಿಲ್ಲ. ತುಂಬಾ ಹೊತ್ತು ಊದಿದರೆ ಪುಡಿ ಬೈಕಾರ್ಬೊನೇಟ್ ಆಗಿ ಕರಗಿ ನೀರು ಮತ್ತೆ ತಿಳಿಯಾಗುತ್ತದೆ, ಅಷ್ಟರಲ್ಲಿ ನಿಲ್ಲಿಸಬೇಕು.

ಹೆಲ್ಮಾಂಟನ ಇನ್ನೊಂದು ಲೆಕ್ಕವನ್ನು ಇಲ್ಲಿ ಹೇಳದೆ ಬಿಡಲು ಮನಸ್ಸಾಗದು. 62 ಪೌಂಡ್ ಓಕ್ ಇದ್ದಿಲನ್ನು ಸುಟ್ಟು, ಒಂದು ಪೌಂಡ್ ಬೂದಿ ಮಾತ್ರ ಉಳಿಯಿತು, ಮಿಕ್ಕ 61 ಪೌಂಡ್ ಕಾಣದ ರೂಪದಲ್ಲಿ ಹೋಯಿತು ಎಂದು ಬರೆದವನೂ ಅವನೇ. 'ಗ್ಯಾಸ್' ಎಂಬ ಪದವನ್ನು ಟಂಕಿಸಿದವನೂ ಅವನೇ. ಮರ ಅನಿಲವಾಗಿ ಹೋಗುವುದನ್ನು ಕಂಡವನಿಗೆ ಅನಿಲ ಮರವಾಗಿ ಬರುವುದು ಹೊಳೆಯಲಿಲ್ಲ. ಅಂಥವನೇ ಎಡವಿದ ಜಾಗದಲ್ಲಿ ಹದಿನಾಲ್ಕರ ಮಕ್ಕಳು ತಡವರಿಸಿದರೆ ನಾವು ತಾಳ್ಮೆಗೆಡಬಾರದು.

ಇಷ್ಟಾದ ಮೇಲೆಯೇ ಸಮೀಕರಣವನ್ನು ಹಲಗೆಗೆ ತನ್ನಿ, ಅದನ್ನೂ ತೂಕದ ಲೆಕ್ಕವಾಗಿ ಓದಿಸಿ.

6CO₂ + 6H₂O → C₆H₁₂O₆ + 6O₂

264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು. ಅವುಗಳಿಂದ 180 ಗ್ರಾಂ ಗ್ಲೂಕೋಸ್, 192 ಗ್ರಾಂ ಆಕ್ಸಿಜನ್. ಎರಡೂ ಕಡೆ 372. ಗಿಡ ಹೊರಬಿಡುವ ಆಕ್ಸಿಜನ್ ನೀರಿನಿಂದ ಬರುತ್ತದೆ ಎಂಬುದನ್ನು 1941ರಲ್ಲಿ ರೂಬೆನ್ ಮತ್ತು ಕೇಮನ್ ಅವರ ತಂಡ ಭಾರ ಆಕ್ಸಿಜನ್ ಬಳಸಿ ತೋರಿಸಿತು. ಹಾಗಾದರೆ ಆ 180 ಗ್ರಾಂ ಸಕ್ಕರೆಯಲ್ಲಿ ಇಂಗಾಲದ 72 ಗ್ರಾಂ, ಆಕ್ಸಿಜನ್‌ನ 96 ಗ್ರಾಂ ಎರಡೂ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಬಂದವು. ನೀರಿನಿಂದ ಬಂದದ್ದು ಹೈಡ್ರೊಜನ್‌ನ 12 ಗ್ರಾಂ ಮಾತ್ರ. ಒಣತೂಕದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಗಾಳಿಯದು! ಈ ಭಾಗಾಕಾರವನ್ನು ಮಕ್ಕಳೇ ಮಾಡಲಿ. "ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟೇ ಅಲ್ಲವೇ, ಅದು ಹೇಗೆ ಸಾಕಾಗುತ್ತದೆ?" ಎಂದು ಕೇಳುವವರು ಇರುತ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಗಾಲ ಇರುವುದು ಸುಮಾರು 0.2 ಗ್ರಾಂ. ಆದರೆ ಗಾಳಿ ಒಂದೇ ಕಡೆ ನಿಲ್ಲುವುದಿಲ್ಲ, ಎಲೆಗಳನ್ನು ಹಾದು ಹಗಲಿಡೀ ಹರಿಯುತ್ತಿರುತ್ತದೆ. ಎಲೆ ಅಗಲವಾಗಿ, ತೆಳ್ಳಗೆ, ಪತ್ರರಂಧ್ರಗಳಿಂದ ತುಂಬಿಕೊಂಡಿರುವುದರ ಅರ್ಥ ಮಕ್ಕಳಿಗೆ ಇಲ್ಲಿ ಹೊಳೆಯುತ್ತದೆ.

ಒಂದು ಹೊಸ ತಪ್ಪು ಇಲ್ಲಿ ಹುಟ್ಟುವುದುಂಟು: "ಬೆಳಕೇ ತೂಕವಾಯಿತು." ಬೆಳಕಿನ ತಟ್ಟೆ ಗೆದ್ದದ್ದನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಸಮೀಕರಣದ ಎರಡೂ ಕಡೆ 372 ಗ್ರಾಂ ಆಗಿರುವುದನ್ನು ತೋರಿಸಿ. ಬೆಳಕು ಕೊಟ್ಟದ್ದು ಕೆಲಸ ನಡೆಸುವ ಶಕ್ತಿ, ವಸ್ತುವನ್ನಲ್ಲ. ಎಲೆಗೆ ಅಯೋಡಿನ್ ಹಾಕುವ ಪಿಷ್ಟದ ಪರೀಕ್ಷೆಯನ್ನು ಇದರ ನಂತರ ಇಟ್ಟುಕೊಳ್ಳಿ. ಮೊದಲೇ ಮಾಡಿದರೆ ಪಿಷ್ಟ ಬೆಳಕಿರುವಲ್ಲಿ ಆಗುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಆ ಪಿಷ್ಟ ಮಣ್ಣಿನಿಂದ ಬಂದಿರಬಹುದೆಂಬ ಊಹೆಗೆ ಅದು ತಡೆಯೊಡ್ಡುವುದಿಲ್ಲ.

ಕೊನೆಗೆ ಗೊಬ್ಬರ. ಇದಕ್ಕೆ ಉತ್ತರ ಸಿಗದಿದ್ದರೆ ತರಗತಿಯಿಂದ ಹೊರಗೆ ಹೋಗುವಾಗ ಮಗು ಹಳೆಯ ನಂಬಿಕೆಯನ್ನೇ ಎತ್ತಿಕೊಂಡು ಹೋಗುತ್ತದೆ. ಬೆಳಕಿನ ತಟ್ಟೆಯಂತೆಯೇ ಇನ್ನೊಂದನ್ನು ಮೊದಲೇ ಇಟ್ಟು, ಮೂರು ನಾಲ್ಕು ವಾರ ಭಟ್ಟಿ ಇಳಿಸಿದ ನೀರಿನಲ್ಲೇ ಬೆಳೆಸಿ. ಬೀಜದಲ್ಲಿದ್ದ ಸಾರಜನಕ, ಮೆಗ್ನೀಸಿಯಂ ಮುಗಿಯುತ್ತಾ ಬಂದಂತೆ ಎಲೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಪತ್ರಹರಿತ್ತಿನ ಪ್ರತಿ ಅಣುವಿನಲ್ಲೂ ಮೆಗ್ನೀಸಿಯಂ ಒಂದು, ಸಾರಜನಕ ನಾಲ್ಕು ಪರಮಾಣು ಬೇಕು. ಆ ಖನಿಜಗಳು ಮಣ್ಣಿನಿಂದಲೇ ಬರಬೇಕು. ಎಷ್ಟು ಬರುತ್ತವೆ ಎಂಬುದಕ್ಕೆ ಪೂರ್ಣ ಒಣಗಿದ 10 ಗ್ರಾಂ ಎಲೆಯನ್ನು ಲೋಹದ ಬಟ್ಟಲಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಬೂದಿ ಬಿಳಿಚುವವರೆಗೆ ಸುಟ್ಟು ತೂಗಿ. ಹೆಚ್ಚಿನ ಎಲೆಗಳಲ್ಲಿ ಒಂದು ಗ್ರಾಂನ ಆಸುಪಾಸು ಉಳಿಯುತ್ತದೆ, ಕಟ್ಟಿಗೆಯಾದರೆ ಅದರ ಹತ್ತನೇ ಒಂದು ಪಾಲು. ಬೂದಿ ಕಪ್ಪಾಗಿದ್ದರೆ ಇಂಗಾಲ ಇನ್ನೂ ಸುಟ್ಟಿಲ್ಲ. ಸಾರಜನಕ ಮಾತ್ರ ಹೊಗೆಯಲ್ಲಿ ಹೋಗಿರುತ್ತದೆ, ಹಾಗಾಗಿ ಬೂದಿ ಎಂಬುದು ಮಣ್ಣಿನ ಪಾಲಿನ ಪೂರ್ತಿ ಲೆಕ್ಕವಲ್ಲ. ಆ ಹಿಡಿ ಬೂದಿಯನ್ನು ಕೊರಡಿನ ಪಕ್ಕ ಇಟ್ಟು, ಗೊಬ್ಬರವನ್ನು 'ಗಿಡದ ಆಹಾರ' ಎನ್ನುವುದು ಸರಿಯೇ ಎಂದು ಕೇಳಿ. ಆಹಾರವೆಂದರೆ ಸುಟ್ಟು ಶಕ್ತಿ ಪಡೆಯುವ, ಮೈ ಕಟ್ಟಿಕೊಳ್ಳುವ ವಸ್ತು ಎಂದಾದರೆ ಅದನ್ನು ಎಲೆಯೇ ತಯಾರಿಸುತ್ತದೆ. ಖನಿಜ ಅದರ ಜೊತೆಗೆ ಬೇಕಾದದ್ದು, ಅದಿಲ್ಲದೆ ಎಲೆಯೂ ನಡೆಯದು.

ಪಾಠ ಮುಗಿದ ಎರಡು ವಾರದ ಮೇಲೆ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಬೇಡಿ, ಉತ್ತರ ಬಾಯಿಪಾಠವಾಗಿರುತ್ತದೆ. ಇದನ್ನು ಕೇಳಿ: "ನೆಲಕ್ಕೆ ಬಿದ್ದ ಕೊರಡು ಹಲವು ವರ್ಷಗಳಲ್ಲಿ ಕೊಳೆತು ಕಾಣೆಯಾಯಿತು. ಅದರ ತೂಕ ಎಲ್ಲಿಗೆ ಹೋಯಿತು?" "ಎಲ್ಲ ಮಣ್ಣಾಯಿತು" ಎಂದು ಬರೆದಿದ್ದರೆ ಮಣ್ಣಿನ ನಂಬಿಕೆ ಇನ್ನೂ ಒಳಗಿದೆ, ಆ ಮಗುವಿನೊಂದಿಗೆ ಕತ್ತಲೆಯ ತಟ್ಟೆಗೆ ಹಿಂತಿರುಗಬೇಕು. ಬಹುಪಾಲು ಗಾಳಿಗೆ ಹೋಯಿತು, ಸ್ವಲ್ಪ ಖನಿಜ ಮಣ್ಣಿಗೆ ಮರಳಿತು ಎಂದು ಬರೆದು, ಶಿಲೀಂಧ್ರಗಳ ಉಸಿರಾಟವನ್ನೂ ಸೇರಿಸಿದ್ದರೆ, ಮೊದಲ ದಿನದ ಚೀಟಿಯನ್ನು ಅದರ ಕೈಗೆ ಹಿಂದಿರುಗಿಸಿ, ಎರಡು ಉತ್ತರಗಳ ನಡುವೆ ಏನು ಬದಲಾಯಿತು ಎಂದು ಅದರ ಹಿಂಬದಿಯಲ್ಲಿ ಬರೆಯಲು ಹೇಳಿ.